43 ಡಾಲರ್ ಎಲ್ಲಿ ಹೋಯಿತು?
(ಟ್ರಸ್ಟಿನ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿವೇತನ ಸಮಿತಿಯ ಪರವಾಗಿ ಮಾಡಿದ ಭಾಷಣ)



ಪ್ರತಿ ವರ್ಷ ಈ ವೇದಿಕೆಯಲ್ಲಿ ನಾವು ಎಷ್ಟು ಮಕ್ಕಳಿಗೆ ಎಷ್ಟು ಹಣ ಕೊಟ್ಟೆವೆಂಬ ಲೆಕ್ಕ ಓದುತ್ತೇವೆ. ಆ ಲೆಕ್ಕ ವರದಿಯಲ್ಲಿ ಅಚ್ಚಾಗಿದೆ, ನೀವೇ ನೋಡಿಕೊಳ್ಳಬಹುದು. ಇಂದು ನಾವು ಮಾತನಾಡಬೇಕೆಂದಿರುವುದು ಲೆಕ್ಕಕ್ಕೆ ಸಿಗದೆ ಹೋದ 43 ಡಾಲರಿನ ಬಗ್ಗೆ. ಆ ಹಣವನ್ನು ಯಾರೂ ಕದಿಯಲಿಲ್ಲ. ಆದರೂ ಅದರಿಂದ ಒಬ್ಬ ಹುಡುಗಿಯ ಸೆಮಿಸ್ಟರ್ ಕೈತಪ್ಪುವುದರಲ್ಲಿತ್ತು.

ಹುಡುಗಿ ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ವೈದ್ಯಕೀಯ ಓದುತ್ತಿದ್ದಾಳೆ. ತಂದೆಗೆ ಪೇಟೆಯಲ್ಲಿ ಸಣ್ಣ ಅಂಗಡಿ. 2024ರ ಸೆಪ್ಟೆಂಬರಿನಲ್ಲಿ ಆಕೆ ಕಟ್ಟಬೇಕಿದ್ದ ಸೆಮಿಸ್ಟರ್ ಶುಲ್ಕ 3,000 ಡಾಲರ್, ಅಂದರೆ ಆಗಿನ ದರದಲ್ಲಿ ಎರಡೂವರೆ ಲಕ್ಷ ರೂಪಾಯಿಗೆ ಸ್ವಲ್ಪ ಮೇಲೆ. ಅದರಲ್ಲಿ ಒಂದು ಲಕ್ಷ ನಿಮ್ಮೆಲ್ಲರ ದಾನದಿಂದ ಹೋಯಿತು, ಉಳಿದದ್ದನ್ನು ತಂದೆ ಹೊಂದಿಸಿದರು. ವಿದ್ಯಾಭ್ಯಾಸಕ್ಕೆ ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕ್ ಕೊಟ್ಟಿರುವ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ, ಟ್ರಸ್ಟ್‌ಗಳಿಗೆ ಇಲ್ಲ. ಆದ್ದರಿಂದ ನಾವು ತಂದೆಯ ಖಾತೆಗೆ ರೂಪಾಯಿಯಲ್ಲಿ ಜಮಾ ಮಾಡುತ್ತೇವೆ. ಅಲ್ಲಿಂದ ಅವರು ತಮ್ಮ ಪ್ಯಾನ್ ಸಂಖ್ಯೆ ಕೊಟ್ಟು, ಎ-2 ಎಂಬ ಅರ್ಜಿ ತುಂಬಿ, ಬ್ಯಾಂಕಿನ ಮೂಲಕ ಕಳಿಸುತ್ತಾರೆ. ಅವರೂ ಹಾಗೆಯೇ ಕಳಿಸಿದರು.

ನಾಲ್ಕೈದು ದಿನ ಕಳೆದ ಮೇಲೆ ಮಗಳಿಂದ ಫೋನ್ ಬಂತು. ವಿಶ್ವವಿದ್ಯಾಲಯದ ಖಾತೆಗೆ ಬಂದದ್ದು 2,957 ಡಾಲರ್. ಬಾಕಿ 43 ಇದೆ, ಅದು ಸೊನ್ನೆಯಾಗುವ ತನಕ ನೋಂದಣಿ ಆಗುವುದಿಲ್ಲ ಎಂದು ಕಚೇರಿಯವರು ಹೇಳಿದ್ದರು. ತಂದೆ ಬ್ಯಾಂಕ್ ರಸೀದಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ಮೇಷ್ಟ್ರೇ, ಇದರಲ್ಲಿ ಮೂರು ಸಾವಿರ ಎಂದೇ ಇದೆ. ನಾನು ಕಡಿಮೆ ಕಳಿಸಿದೆ ಎಂದು ಟ್ರಸ್ಟಿನವರು ತಿಳಿದುಕೊಂಡರೆ ನಾನೇನು ಹೇಳಲಿ?" ಎಂದರು. ಶುಲ್ಕಕ್ಕಿಂತ ಹೆಚ್ಚಾಗಿ ಅವರಿಗೆ ಆ ಚಿಂತೆಯೇ ಕಾಡುತ್ತಿತ್ತು.

ನಮಗೂ ಆಗ ಉತ್ತರ ಗೊತ್ತಿರಲಿಲ್ಲ. ನಮ್ಮ ತಲೆಮಾರಿನವರು ಮನಿ ಆರ್ಡರ್ ಕಳಿಸಿ ಬೆಳೆದವರು. ಅಂಚೆ ಕಚೇರಿಯಲ್ಲಿ ನೂರು ರೂಪಾಯಿ ಕಳಿಸಬೇಕಾದರೆ ಇಪ್ಪತ್ತಕ್ಕೆ ಒಂದರಂತೆ ಐದು ರೂಪಾಯಿ ಕಮಿಷನ್ನನ್ನು ಕೌಂಟರಿನಲ್ಲೇ ಬೇರೆಯಾಗಿ ಕೊಡುತ್ತಿದ್ದೆವು. ಊರಿನಲ್ಲಿ ತಾಯಿಯ ಕೈಗೆ ಪೂರ್ತಿ ನೂರು ಸೇರುತ್ತಿತ್ತು. ಖರ್ಚು ಕಳಿಸುವವನದು, ಮೊತ್ತ ಪಡೆಯುವವನದು ಎಂಬುದು ನಮ್ಮ ರೂಢಿ. ದೇಶ ದಾಟುವ ಹಣಕ್ಕೆ ಈ ರೂಢಿ ತಾನಾಗಿ ಅನ್ವಯಿಸುವುದಿಲ್ಲ. ಕಳಿಸುವವನು ಕೇಳಿ ಪಡೆಯಬೇಕು.

ಅದು ಹೇಗೆಂದು ಹೇಳುತ್ತೇವೆ. ನಮ್ಮ ಊರಿನ ಬ್ಯಾಂಕಿಗೂ ಟಿಬಿಲಿಸಿಯ ಬ್ಯಾಂಕಿಗೂ ನೇರ ವ್ಯವಹಾರವಿಲ್ಲ. ನಮ್ಮ ಬ್ಯಾಂಕ್ ತನ್ನ ಡಾಲರುಗಳನ್ನು ನ್ಯೂಯಾರ್ಕಿನ ಒಂದು ದೊಡ್ಡ ಬ್ಯಾಂಕಿನಲ್ಲಿ ಇಟ್ಟಿರುತ್ತದೆ. ಅಲ್ಲಿನ ಬ್ಯಾಂಕೂ ಹಾಗೆಯೇ ಇನ್ನೊಂದು ದೊಡ್ಡ ಬ್ಯಾಂಕಿನಲ್ಲಿ ಖಾತೆ ಇಟ್ಟಿರುತ್ತದೆ. ನಾವು ಕಳಿಸಿದ ಹಣ ವಾಸ್ತವದಲ್ಲಿ ಸರಿಯುವುದು ಈ ಎರಡು ಮಧ್ಯವರ್ತಿ ಬ್ಯಾಂಕುಗಳ ನಡುವೆ. ಅವು ತಮ್ಮ ಕೆಲಸಕ್ಕೆ ಶುಲ್ಕ ತೆಗೆದುಕೊಳ್ಳುತ್ತವೆ. ಆ ಶುಲ್ಕ ಯಾರಿಂದ ಎಂಬುದನ್ನು ಎ-2 ಅರ್ಜಿಯ ಒಂದು ಸಣ್ಣ ಚೌಕದಲ್ಲಿ ನಾವೇ ಬರೆದುಕೊಟ್ಟಿರುತ್ತೇವೆ.

ಆ ಚೌಕದಲ್ಲಿ ಮೂರು ಆಯ್ಕೆಗಳಿರುತ್ತವೆ. `OUR` ಎಂದರೆ ಎಲ್ಲ ಬ್ಯಾಂಕುಗಳ ಶುಲ್ಕವೂ ಕಳಿಸುವವನದು. `BEN` ಎಂದರೆ ಎಲ್ಲವೂ ಪಡೆಯುವವನದು. `SHA` ಎಂದರೆ ನಮ್ಮ ಬ್ಯಾಂಕಿನ ಶುಲ್ಕ ಮಾತ್ರ ನಮ್ಮದು, ದಾರಿಯಲ್ಲಿ ಆಗುವ ಖರ್ಚು ಕಳಿಸಿದ ಮೊತ್ತದಿಂದಲೇ ಕಳೆಯಬೇಕು. ನಾವು ಏನೂ ಹೇಳದಿದ್ದರೆ ಎಷ್ಟೋ ಬ್ಯಾಂಕುಗಳಲ್ಲಿ `SHA` ಎಂದೇ ದಾಖಲಾಗುತ್ತದೆ. ಮೊಬೈಲಿನಲ್ಲಿ ಕಳಿಸುವಾಗಲೂ ಅನೇಕ ಕಡೆ ಅದೇ ಮೊದಲೇ ಗುರುತಾಗಿರುತ್ತದೆ. ನಮ್ಮ ಹುಡುಗಿಯ ತಂದೆಯನ್ನು ಯಾರೂ ಕೇಳಲಿಲ್ಲ, ಅವರೂ ಗಮನಿಸಲಿಲ್ಲ.

ಮುಂದೆ ನಡೆದದ್ದೇ ಮುಖ್ಯ ಪಾಠ. ಗಾಬರಿಯಾದ ತಂದೆ, 43ರ ಬಾಕಿಗೆ ಸ್ವಲ್ಪ ಹೆಚ್ಚೇ ಇರಲಿ ಎಂದು ಮರುದಿನವೇ 50 ಡಾಲರ್ ಕಳಿಸಿದರು. ಅರ್ಜಿ ಅದೇ, ಚೌಕದಲ್ಲಿ ಗುರುತೂ ಅದೇ. ಅಲ್ಲಿಗೆ ತಲುಪಿದ್ದು 7 ಡಾಲರ್. ಮಧ್ಯವರ್ತಿ ಬ್ಯಾಂಕುಗಳ ಈ ಶುಲ್ಕ ಸಾಮಾನ್ಯವಾಗಿ ಪ್ರತಿ ಪಾವತಿಗೆ ಇಂತಿಷ್ಟು ಎಂದು ಇರುತ್ತದೆ, ಮೊತ್ತ ನೋಡಿ ಕಡಿಮೆಯಾಗುವುದಿಲ್ಲ. 3,000ಕ್ಕೆ 43 ಹೋದದ್ದು ಕಣ್ಣಿಗೆ ಸಣ್ಣದಾಗಿ ಕಂಡಿತು. ಅದೇ 43 ಐವತ್ತರಲ್ಲಿ ಹೋದಾಗ ಉಳಿಯುವುದೇನು? ಅವರು ಸರಿಯಾಗಿ 43 ಕಳಿಸಿದ್ದರೆ ಒಂದು ಸೆಂಟೂ ತಲುಪುತ್ತಿರಲಿಲ್ಲ. ಮೇಲಾಗಿ ನಮ್ಮ ಬ್ಯಾಂಕಿನ ಶುಲ್ಕವನ್ನೂ ಎರಡನೆಯ ಸಲ ತೆತ್ತದ್ದಾಯಿತು.

ಇನ್ನೂ 36 ಡಾಲರ್ ಬಾಕಿ ಇತ್ತು. ಈ ಬಾರಿ ಇಲ್ಲಿಂದ ಕಳಿಸಬೇಡಿ ಎಂದೆವು. ವಿಶ್ವವಿದ್ಯಾಲಯದ ಕಚೇರಿಯನ್ನು ಮಗಳೇ ಕೇಳಿದಳು. ಸಣ್ಣ ಬಾಕಿಯನ್ನು ಅಲ್ಲಿನ ನಾಣ್ಯದಲ್ಲಿ, ಅಲ್ಲಿನದೇ ಬ್ಯಾಂಕಿನಲ್ಲಿ ಕಟ್ಟಬಹುದು ಎಂದರು. ತನ್ನ ಊಟದ ಖರ್ಚಿಗೆ ಇಟ್ಟುಕೊಂಡಿದ್ದರಲ್ಲಿ ಸುಮಾರು 97 ಲಾರಿ ಕಟ್ಟಿದಳು. ಸಂಜೆಯೊಳಗೆ ನೋಂದಣಿಯಾಯಿತು. ಕೊನೆಯ ದಿನಾಂಕಕ್ಕೆ ಉಳಿದಿದ್ದದ್ದು ಎರಡೇ ದಿನ.

ಆಮೇಲೆ ಒಬ್ಬ ದಾನಿಯವರು ಸರಿಯಾದ ಪ್ರಶ್ನೆಯನ್ನೇ ಕೇಳಿದರು: "ಬ್ಯಾಂಕ್ ಹಿಡಿದುಕೊಂಡಿತು ಎನ್ನುತ್ತೀರಿ, ಅದಕ್ಕೆ ಕಾಗದ ಎಲ್ಲಿ?" ನಮ್ಮ ಕೈಯಲ್ಲಿದ್ದ ರಸೀದಿಯಲ್ಲಿ ಅದಿರಲಿಲ್ಲ, ಇರುವುದು ಸಾಧ್ಯವೂ ಇಲ್ಲ. ಹಣ ನಮ್ಮ ಬ್ಯಾಂಕಿನಿಂದ ಹೊರಟ ಕ್ಷಣದ ಚಿತ್ರ ಅದು, ಕಡಿತ ಆಗುವುದು ಆಮೇಲೆ. ಹಣ ತಲುಪಿದ ಬ್ಯಾಂಕಿಗೆ ಬಂದ ಸ್ವಿಫ್ಟ್ ಸಂದೇಶದಲ್ಲಿ ಮಾತ್ರ ಪೂರ್ತಿ ಕತೆ ಇರುತ್ತದೆ. ಮಗಳು ವಿಶ್ವವಿದ್ಯಾಲಯದ ಲೆಕ್ಕ ವಿಭಾಗದಿಂದ ಅದರ ಪ್ರತಿ ತರಿಸಿಕೊಟ್ಟಳು. ನಮಗೆ ಬೇಕಾದ ಸಾಲುಗಳು ಇಷ್ಟೇ:

```
:32A:240904USD2957,00
:33B:USD3000,00
:71A:SHA
:71F:USD25,00
:71F:USD18,00
```

`33B` ಎಂದರೆ ನಾವು ಕಳಿಸಲು ಹೇಳಿದ ಮೊತ್ತ. `71A` ಎಂದರೆ ಶುಲ್ಕ ಯಾರದೆಂಬ ಆ ಚೌಕದ ಗುರುತು. ಎರಡು `71F` ಸಾಲುಗಳು ಎರಡು ಮಧ್ಯವರ್ತಿ ಬ್ಯಾಂಕುಗಳು ಕಳೆದುಕೊಂಡದ್ದು, ಒಂದು 25, ಇನ್ನೊಂದು 18. `32A` ಎಂದರೆ ದಿನಾಂಕ ಮತ್ತು ಕೊನೆಗೆ ತಲುಪಿದ ಮೊತ್ತ. ಮೂರನೆಯ ತರಗತಿಯ ಮಗು ಕೂಡ ಕಳೆದು ನೋಡಬಹುದಾದ ಲೆಕ್ಕ. ಆ ಕಾಗದ ಈಗ ನಮ್ಮ ಕಡತದಲ್ಲಿದೆ. 2025ರ ನವೆಂಬರಿನಿಂದ ಬ್ಯಾಂಕುಗಳ ನಡುವೆ ಈ ಸಂದೇಶದ ನಮೂನೆ ಬದಲಾಗಿದೆ. ಹೊಸ ನಮೂನೆಯ ಪ್ರತಿ ಸಿಕ್ಕಿದರೆ `OUR` ಇರಬೇಕಾದಲ್ಲಿ `DEBT`, `SHA` ಜಾಗದಲ್ಲಿ `SHAR`, `BEN` ಜಾಗದಲ್ಲಿ `CRED` ಎಂದಿರುತ್ತದೆ. ಅರ್ಥ ಮಾತ್ರ ಅದೇ.

ವಿಶ್ವವಿದ್ಯಾಲಯ ಪ್ರತಿ ಕೊಡದಿದ್ದರೆ ಇನ್ನೊಂದು ದಾರಿ ಇದೆ. ಪ್ರತಿ ಪಾವತಿಗೂ `UETR` ಎಂಬ 36 ಅಕ್ಷರದ ಗುರುತು ಸಂಖ್ಯೆ ಇರುತ್ತದೆ. ಅದನ್ನು ಕೊಟ್ಟು ನಮ್ಮ ಶಾಖೆಯಲ್ಲಿ ಕೇಳಿದರೆ ಹಣ ಯಾವ ಬ್ಯಾಂಕ್ ತನಕ ಹೋಯಿತು, ದಾರಿಯಲ್ಲಿ ಎಷ್ಟು ಕಳೆದರು ಎಂಬುದನ್ನು ಬಹುತೇಕ ಸಲ ಅವರು ನೋಡಿ ಹೇಳಬಲ್ಲರು. ಹಣ ಇನ್ನೂ ತಲುಪಿಲ್ಲ ಎಂದಾಗಲೂ ಕೇಳಬೇಕಾದದ್ದು ಈ ಸಂಖ್ಯೆಯನ್ನೇ.

ಮುಂದಿನ ಸೆಮಿಸ್ಟರಿಗೆ ಅದೇ ತಂದೆ `OUR` ಎಂದು ಗುರುತು ಹಾಕಿ ಕಳಿಸಿದರು. ಅದಕ್ಕೆ ಬ್ಯಾಂಕ್ ಮುಂಚಿತವಾಗಿ ಹೆಚ್ಚುವರಿ ಶುಲ್ಕ ತೆಗೆದುಕೊಂಡಿತು, ಎರಡು ಸಾವಿರ ರೂಪಾಯಿಯ ಒಳಗೇ. ಹಿಂದಿನ ಸಲ ದಾರಿಯಲ್ಲಿ ಹೋದ 43 ಡಾಲರ್ ಎಂದರೆ ಸುಮಾರು 3,600 ರೂಪಾಯಿ. ಈ ಬಾರಿ ವಿಶ್ವವಿದ್ಯಾಲಯಕ್ಕೆ ಪೂರ್ತಿ 3,000 ಸೇರಿತು.

ಆದರೆ `OUR` ಎಂದು ಬರೆದ ಮಾತ್ರಕ್ಕೆ ನೂರಕ್ಕೆ ನೂರು ಖಾತರಿ ಎಂದು ನಾವು ಹೇಳುವುದಿಲ್ಲ. ಆ ಗುರುತಿದ್ದರೂ ದಾರಿಯ ಒಂದು ಬ್ಯಾಂಕ್ ಕಡಿತ ಮಾಡಿದ ಉದಾಹರಣೆಗಳಿವೆ. ಹಣ ಪಡೆಯುವ ಬ್ಯಾಂಕ್ ತನ್ನ ಗ್ರಾಹಕನಿಂದ, ಅಂದರೆ ವಿಶ್ವವಿದ್ಯಾಲಯದಿಂದ, ಪ್ರತ್ಯೇಕ ಶುಲ್ಕ ತೆಗೆದುಕೊಳ್ಳುವುದೂ ಉಂಟು. ಆದ್ದರಿಂದ "ಪೂರ್ತಿ ಮೊತ್ತ ತಲುಪುವ ಖಾತರಿ ಇರುವ ವ್ಯವಸ್ಥೆ ನಿಮ್ಮಲ್ಲಿದೆಯೇ?" ಎಂದು ಬ್ಯಾಂಕನ್ನು ಬಾಯಿಬಿಟ್ಟು ಕೇಳಬೇಕು. ಹೆಚ್ಚು ಹಣ ಬಂದರೆ ಮುಂದಿನ ಸೆಮಿಸ್ಟರಿಗೆ ಜಮಾ ಇಟ್ಟುಕೊಳ್ಳುತ್ತೀರಾ ಎಂದು ವಿಶ್ವವಿದ್ಯಾಲಯವನ್ನೂ ಕೇಳಬೇಕು. ಇಟ್ಟುಕೊಳ್ಳುತ್ತಾರೆಂದಾದರೆ ಸ್ವಲ್ಪ ಹೆಚ್ಚು ಸೇರಿಸಿ ಕಳಿಸುವುದು ಕ್ಷೇಮ. ಕೆಲವು ವಿಶ್ವವಿದ್ಯಾಲಯಗಳು ಪಾವತಿ ಸಂಸ್ಥೆಗಳ ಮೂಲಕ ರೂಪಾಯಿಯಲ್ಲೇ ಕಟ್ಟಿಸಿಕೊಳ್ಳುತ್ತವೆ. ಅಲ್ಲಿ ಈ ಕಡಿತ ಇರುವುದಿಲ್ಲ, ಆದರೆ ಡಾಲರಿನ ದರದಲ್ಲಿ ಖರ್ಚು ಸೇರಿರಬಹುದು. ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ ಎಂದು ಎರಡನ್ನೂ ಹೋಲಿಸಿಯೇ ಕಟ್ಟಿರಿ.

ಈ ಅನುಭವದಿಂದ ಸಮಿತಿ ಮೂರು ತೀರ್ಮಾನ ಮಾಡಿದೆ. ವಿದೇಶದಲ್ಲಿ ಓದುವ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವಾಗ `OUR` ಶುಲ್ಕವನ್ನೂ ನಾವೇ ಸೇರಿಸಿ ಕೊಡುತ್ತೇವೆ. ಅದನ್ನು ಟ್ರಸ್ಟಿನ ಆಡಳಿತ ವೆಚ್ಚದಿಂದ ಭರಿಸುತ್ತೇವೆ, ದಾನಿಗಳು ಮಗುವಿನ ಶುಲ್ಕಕ್ಕೆಂದು ಕೊಟ್ಟದ್ದರಿಂದಲ್ಲ. ಎರಡನೆಯದು, ಶುಲ್ಕದ ಕೊನೆಯ ದಿನಾಂಕಕ್ಕೆ ಹದಿನೈದು ದಿನ ಮೊದಲೇ ಹಣ ನಿಮ್ಮ ಖಾತೆಗೆ ಬರುವಂತೆ ನೋಡಿಕೊಳ್ಳುತ್ತೇವೆ, ಕಡಿಮೆ ಬಿದ್ದರೆ ಸರಿಪಡಿಸಲು ಸಮಯ ಬೇಕು. ಮೂರನೆಯದು ಪೋಷಕರ ಕೆಲಸ. ಹಣ ಕಳಿಸಿದ ಮೇಲೆ ಬ್ಯಾಂಕಿನ ಸ್ವಿಫ್ಟ್ ಪ್ರತಿ ಮತ್ತು ವಿಶ್ವವಿದ್ಯಾಲಯದ ರಸೀದಿ ಎರಡನ್ನೂ ನಮಗೆ ತಲುಪಿಸಿರಿ. ಎರಡರಲ್ಲೂ ಮೊತ್ತ ಒಂದೇ ಇದ್ದರೆ ಸರಿ. ಇಲ್ಲದಿದ್ದರೆ ಅಂದೇ ಬನ್ನಿ, ಮತ್ತೆ ಹಣ ಕಳಿಸುವುದಕ್ಕೆ ಮೊದಲು ಬನ್ನಿ.

ಆ ತಂದೆ ಇಂದು ಈ ಸಭೆಯಲ್ಲಿದ್ದಾರೆ. ಅವರ ಅನುಮತಿ ಪಡೆದೇ ಇದನ್ನು ಹೇಳಿದ್ದೇವೆ. ಅವರು ಕಳಿಸಿದ್ದು ಪೂರ್ತಿ ಮೂರು ಸಾವಿರ ಡಾಲರ್. ಅದು ಎಲ್ಲರೆದುರು ಒಮ್ಮೆ ದಾಖಲಾಗಬೇಕಿತ್ತು, ಈಗ ಆಗಿದೆ.