ಹಿಡಿಯುವುದು ಅರ್ಧ ರೂಪಾಯಿ, ಸಿಗುವುದು ಇಡೀ ಲೆಕ್ಕ



 ಈ ಸಮಾವೇಶದ ಬೆಳಗಿನ ಗೋಷ್ಠಿಯಲ್ಲಿ ಆನ್‌ಲೈನ್ ವ್ಯಾಪಾರಿಗಳಿಂದ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬಂತು: ನಾವು ಜಿಎಸ್‌ಟಿ ಕಟ್ಟುತ್ತಲೇ ಇದ್ದೇವೆ, ಹಾಗಿರುವಾಗ ಮಾರಾಟ ವೇದಿಕೆಯವರು ನಮ್ಮ ಹಣದಿಂದ ಮತ್ತೆ ತೆರಿಗೆ ಹಿಡಿಯುವುದೇಕೆ? ಇದಕ್ಕೆ ಉತ್ತರ ಕೊಡುವುದೇ ಈ ಭಾಷಣದ ಉದ್ದೇಶ.

ಹೀಗೆ ಹಿಡಿಯಲು ಹೇಳುವ ಸಿಜಿಎಸ್‌ಟಿ ಕಾಯ್ದೆಯ 52ನೇ ಕಲಂ 2018ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಆಗ ನೂರಕ್ಕೆ ಒಂದು ರೂಪಾಯಿ ಹಿಡಿಯುತ್ತಿದ್ದರು. 2024ರ ಜುಲೈ 10ರಿಂದ ಅದು ಅರ್ಧ ರೂಪಾಯಿಗೆ ಇಳಿದಿದೆ. ಇದು ಹೊಸ ತೆರಿಗೆಯಲ್ಲ. ಹಿಡಿದ ಹಣ ನಿಮ್ಮದೇ ಎಲೆಕ್ಟ್ರಾನಿಕ್ ನಗದು ಖಾತೆಗೆ ಬರುತ್ತದೆ. ನೀವು ಕಟ್ಟಬೇಕಾದ ಜಿಎಸ್‌ಟಿಗೆ ವಜಾ ಆಗುತ್ತದೆ. ಕೊನೆಗೆ ಹಿಂದಿರುಗಿಸಬೇಕಾದ ಹಣಕ್ಕಾಗಿ ಸರ್ಕಾರ ಇಷ್ಟೆಲ್ಲ ವ್ಯವಸ್ಥೆ ಮಾಡಿಕೊಂಡಿದೆ ಎಂದರೆ, ಅದಕ್ಕೆ ಬೇಕಾಗಿರುವುದು ಹಣವಲ್ಲ, ಹಣದ ಜೊತೆಗೆ ಬರುವ ಲೆಕ್ಕ.

ಒಂದು ಉದಾಹರಣೆ ನೋಡೋಣ. ಇಳಕಲ್ ಸೀರೆ ಮಾರುವ ನೋಂದಾಯಿತ ವ್ಯಾಪಾರಿಯೊಬ್ಬರು ಒಂದು ತಿಂಗಳಲ್ಲಿ ತೆರಿಗೆ ಬಿಟ್ಟು 2,00,000 ರೂಪಾಯಿಯ ಸೀರೆ ಮಾರಿದರು ಎಂದಿಟ್ಟುಕೊಳ್ಳಿ. ಅದರಲ್ಲಿ 40,000 ರೂಪಾಯಿಯ ಮಾಲು ವಾಪಸು ಬಂತು. ಉಳಿದ ನಿವ್ವಳ ಮಾರಾಟ 1,60,000. ಅದರ ಮೇಲೆ ವೇದಿಕೆ ಹಿಡಿಯುವುದು 800 ರೂಪಾಯಿ. ಮುಂದಿನ ತಿಂಗಳ 10ನೇ ತಾರೀಖಿನೊಳಗೆ ವೇದಿಕೆಯವರು ಜಿಎಸ್‌ಟಿಆರ್-8 ಸಲ್ಲಿಸಿ, ಈ ವ್ಯಾಪಾರಿಯ ಜಿಎಸ್‌ಟಿ ಸಂಖ್ಯೆಯ ಎದುರಿಗೆ ಮಾರಾಟ, ವಾಪಸು, ಹಿಡಿದ ಹಣ ಮೂರನ್ನೂ ತೋರಿಸುತ್ತಾರೆ. ವ್ಯಾಪಾರಿ ಪೋರ್ಟಲ್‌ನಲ್ಲಿ ಅದನ್ನು ಒಪ್ಪಿಕೊಂಡ ಮೇಲೆ 800 ರೂಪಾಯಿ ಅವರ ಖಾತೆಗೆ ಜಮೆಯಾಗುತ್ತದೆ.

ಎಡವುವುದು ಇಲ್ಲಿಂದ ಮುಂದೆ. ಶೇಕಡಾ 5ರ ಜಿಎಸ್‌ಟಿ ಸೇರಿ ಗ್ರಾಹಕರಿಂದ ಬಂದದ್ದು 1,68,000. ಕಮಿಷನ್, ಕೊರಿಯರ್ ಎಂದು ವೇದಿಕೆ 32,000 ಮುರಿದುಕೊಂಡರೆ, ಮೇಲಿನ 800 ಕಳೆದು ಬ್ಯಾಂಕಿಗೆ ಬೀಳುವುದು 1,35,200. ಆದಾಯ ತೆರಿಗೆಯ ಸಣ್ಣ ಕಡಿತವನ್ನು ಸದ್ಯಕ್ಕೆ ಬಿಡೋಣ. ಪಾಸ್‌ಬುಕ್ ನೋಡಿ ಲೆಕ್ಕ ಬರೆಯುವವರು ಆ 1,35,200ನ್ನೇ ವಹಿವಾಟು ಎಂದು ತೋರಿಸಿಬಿಡುತ್ತಾರೆ. ಸರ್ಕಾರದ ಬಳಿ ಇರುವುದು 1,60,000ದ ಲೆಕ್ಕ. ನಡುವಿನ 24,800 ರೂಪಾಯಿಯೇ ನಾಳೆಯ ನೋಟಿಸು. ಕಮಿಷನ್ ನಿಮ್ಮ ಖರ್ಚು. ಅದನ್ನು ಮಾರಾಟದಿಂದ ಕಳೆಯುವಂತಿಲ್ಲ.

ಸರ್ಕಾರಕ್ಕೆ ಅನುಕೂಲವಾಗಿರುವುದೂ ವೇದಿಕೆಯಿಂದ ಬರುವ ಈ ಲೆಕ್ಕವೇ. ಲಕ್ಷಾಂತರ ಮಾರಾಟಗಾರರ ಬಾಗಿಲಿಗೆ ಅಧಿಕಾರಿಗಳನ್ನು ಕಳಿಸುವುದಕ್ಕಿಂತ ಬೆರಳೆಣಿಕೆಯ ವೇದಿಕೆಗಳಿಂದ ತಿಂಗಳಿಗೊಮ್ಮೆ ಪಟ್ಟಿ ತರಿಸಿಕೊಳ್ಳುವುದು ಸುಲಭ. ಮಾರಾಟವನ್ನು ಅಡಗಿಸಿಡುವುದರಿಂದ ವೇದಿಕೆಗೆ ಲಾಭವಿಲ್ಲ, ಹಾಗಾಗಿ ಆ ಲೆಕ್ಕವನ್ನು ನಂಬಬಹುದು. ಸರ್ಕಾರಕ್ಕೆ ಬೇಕಾಗಿರುವುದು ಲೆಕ್ಕ ಎಂಬುದಕ್ಕೆ ಇನ್ನೊಂದು ಸಾಕ್ಷಿ ಬೇಕೇ? ನೋಂದಣಿಯ ಮಿತಿಗಿಂತ ಕಡಿಮೆ ವಹಿವಾಟಿನ ಸಣ್ಣ ವ್ಯಾಪಾರಿಗಳು ರಾಜ್ಯದೊಳಗೆ ಆನ್‌ಲೈನಿನಲ್ಲಿ ಸರಕು ಮಾರಲು 2023ರ ಅಕ್ಟೋಬರ್‌ನಿಂದ ಅವಕಾಶವಿದೆ. ಅವರಿಂದ ಒಂದು ಪೈಸೆಯನ್ನೂ ಹಿಡಿಯುವಂತಿಲ್ಲ. ಆದರೂ ಅವರ ಮಾರಾಟದ ವಿವರ ಜಿಎಸ್‌ಟಿಆರ್-8ರಲ್ಲಿ ಹೋಗಲೇಬೇಕು.

2025ರ ಜುಲೈನಲ್ಲಿ ನಮ್ಮ ರಾಜ್ಯದ ಸಣ್ಣ ಅಂಗಡಿಗಳಿಗೆ ಯುಪಿಐ ಜಮೆಯ ಆಧಾರದ ಮೇಲೆ ನೋಟಿಸ್ ಬಂದದ್ದು ನಿಮಗೆ ನೆನಪಿದೆ. ಬಂದ ಹಣ ಮಾರಾಟದ್ದೋ, ಕೈಸಾಲದ್ದೋ, ಮಾರಿದ ವಸ್ತು ತೆರಿಗೆ ವಿನಾಯಿತಿಯದೋ ಎಂಬುದನ್ನು ಯುಪಿಐ ಹೇಳುವುದಿಲ್ಲ. ವೇದಿಕೆಯ ಪಟ್ಟಿ ತೆರಿಗೆಗೆ ಒಳಪಡುವ ಮಾರಾಟವನ್ನೂ ವಾಪಸನ್ನೂ ಬೇರೆ ಬೇರೆ ಮಾಡಿ ಹೇಳುತ್ತದೆ. ಇಲಾಖೆಗೆ ಇದು ಹೆಚ್ಚು ಉಪಯುಕ್ತ, ಪ್ರಾಮಾಣಿಕ ವ್ಯಾಪಾರಿಗೂ ಇದೇ ಕ್ಷೇಮ.

ಕುಂದು ಇಲ್ಲವೆಂದಲ್ಲ. ಹಬ್ಬದ ತಿಂಗಳಲ್ಲಿ ಭರ್ಜರಿ ಮಾರಾಟವಾಗಿ, ಮರುತಿಂಗಳು ಮಾರಾಟಕ್ಕಿಂತ ವಾಪಸೇ ಹೆಚ್ಚಾದರೆ, ಆ ಋಣ ಮೊತ್ತವನ್ನು ಮುಂದಿನ ತಿಂಗಳಿಗೆ ಒಯ್ಯಲು ಅವಕಾಶವಿಲ್ಲ. ಹೆಚ್ಚಾಗಿ ಹಿಡಿದ ಹಣ ನಷ್ಟವಾಗುವುದಿಲ್ಲ, ಆದರೆ ನಗದು ಖಾತೆಯಲ್ಲಿ ಕೂರುತ್ತದೆ. ಕಚ್ಚಾ ಮಾಲಿನ ತೆರಿಗೆಯೇ ಮಾರಾಟದ ತೆರಿಗೆಯನ್ನು ತುಂಬಿಬಿಡುವ ವ್ಯಾಪಾರಿಗೆ ಅದು ಬಳಕೆಗೆ ಬಾರದೆ, ಮರುಪಾವತಿ ಅರ್ಜಿ ಹಾಕಬೇಕಾಗುತ್ತದೆ.

ಆದ್ದರಿಂದ ಸರ್ಕಾರಕ್ಕೆ ನನ್ನ ಆಗ್ರಹ: ವಾಪಸು ಹೆಚ್ಚಾದ ತಿಂಗಳ ಲೆಕ್ಕವನ್ನು ಮುಂದಕ್ಕೆ ಒಯ್ಯಲು ಬಿಡಿ. ವ್ಯಾಪಾರಿ ಬಂಧುಗಳಲ್ಲಿ ನನ್ನ ವಿನಂತಿ: ಪ್ರತಿ ತಿಂಗಳು 10ರ ನಂತರ, ರಿಟರ್ನ್ ಸಲ್ಲಿಸುವ ಮೊದಲು, ಪೋರ್ಟಲ್‌ನಲ್ಲಿ ವೇದಿಕೆ ತೋರಿಸಿದ ಮೊತ್ತವನ್ನೂ ನಿಮ್ಮ ಬಿಲ್ಲುಗಳ ಮೊತ್ತವನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿ. ವ್ಯತ್ಯಾಸ ಕಂಡರೆ ಅಂದೇ ವೇದಿಕೆಗೆ ಬರೆಯಿರಿ. ಇಲಾಖೆ ಕೇಳುವ ಮುನ್ನ ಉತ್ತರ ನಿಮ್ಮ ಕೈಯಲ್ಲಿರಲಿ.