ಗಲ್ಲಾ ತುಂಬಿದರೂ ಕೈ ಖಾಲಿ: ಸಣ್ಣ ಬೇಕರಿಯ ಲಾಭ-ನಷ್ಟದ ಗಡಿ



ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಸಣ್ಣ ಬೇಕರಿಗಳ ಮುಂದೆ ನಿಂತು ಮಾತಾಡಿದರೆ ಒಂದು ದೂರು ಮೇಲಿಂದ ಮೇಲೆ ಕೇಳುತ್ತದೆ. "ದಿನಾ ಗಲ್ಲಾ ತುಂಬತದ್ರಿ ಸರ್, ತಿಂಗಳ ಕಡೀಗೆ ನೋಡಿದ್ರ ಕೈಯಾಗ ಏನೂ ಉಳಿದಿರಂಗಿಲ್ಲ." ವಾಣಿಜ್ಯ ಪಾಠ ಹೇಳುವ ನಮ್ಮಂಥವರು ಇದಕ್ಕೆ ಬ್ರೇಕ್-ಈವನ್ ಚಿತ್ರ ಬರೆದು ತೋರಿಸುತ್ತೇವೆ. ಕೊಲಂಬಿಯಾ ವಿಶ್ವವಿದ್ಯಾಲಯದ ವಾಲ್ಟರ್ ರಾಟನ್‌ಸ್ಟ್ರಾಚ್ 1930ರ ದಶಕದಲ್ಲಿ ಪ್ರಚಾರಕ್ಕೆ ತಂದ ಚಿತ್ರ ಅದು. ಒಂದು ಗೆರೆ ಖರ್ಚಿನದು, ಒಂದು ಮಾರಾಟದ್ದು. ಎರಡೂ ಕೂಡುವ ಕಡೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಚಿತ್ರ ಸರಿಯೇ ಇದೆ. ಬೇಕರಿಯವನಿಗೆ ತೊಡಕು ಬರುವುದು ಅದಕ್ಕೂ ಮೊದಲು, ಯಾವ ಖರ್ಚನ್ನು ಯಾವ ಲೆಕ್ಕಕ್ಕೆ ಹಾಕಬೇಕು ಎನ್ನುವಲ್ಲಿ. ಇವತ್ತು ಅದನ್ನೇ ಒಂದು ಅಂಗಡಿಯ ಲೆಕ್ಕ ಹಿಡಿದು ನೋಡೋಣ. ಅಂಗಡಿ ಕಲ್ಪನೆಯದು, ದರಗಳೂ ಲೆಕ್ಕಕ್ಕಾಗಿ ಹಿಡಿದವು. ಮನೆಗೆ ಹೋದ ಮೇಲೆ ನಿಮ್ಮ ದರ ಹಾಕಿಕೊಳ್ಳಿ.

ಬಸ್ ನಿಲ್ಲುವ ಕಡೆ ಒಂದು ಬೇಕರಿ. ಕಟ್ಟಿಗೆ ಭಟ್ಟಿ, ಹಿಟ್ಟು ಕಲಸುವ ಯಂತ್ರ, ಒಂದು ಗಾಜಿನ ಕಪಾಟು, ಒಂದು ಫ್ರಿಜ್. ತಿಂಗಳಿಗೆ ಬಾಡಿಗೆ 4,500. ಮಾಸ್ಟರ್ ಪಗಾರ 18,000, ಹೆಲ್ಪರ್‌ಗೆ 10,000. ಕರೆಂಟ್ ಬಿಲ್ಲು ಸುಮಾರು 2,000. ಯಂತ್ರ, ಟ್ರೇ, ಭಟ್ಟಿ ಎಲ್ಲ ಸೇರಿ 3,24,000 ರೂಪಾಯಿ ಬಿದ್ದಿದೆ, 6 ವರ್ಷ ಬಾಳುತ್ತವೆ ಎಂದು ಹಿಡಿದರೆ ಸವಕಳಿ ತಿಂಗಳಿಗೆ 4,500. ಕೊನೆಗೆ ಯಾರೂ ಬರೆಯದ ಒಂದು ಬಾಬ್ತು ಇದೆ: ಬೆಳಗಿನಿಂದ ರಾತ್ರಿತನಕ ಗಲ್ಲಾದ ಮೇಲೆ ಕೂಡುವ ಮಾಲಕನ ದುಡಿಮೆ. ಅವನೇ ಬೇರೆ ಅಂಗಡಿಯಲ್ಲಿ ಕೂತಿದ್ದರೆ ಸಿಗುತ್ತಿದ್ದ 12,000 ಅದು. ಎಲ್ಲ ಕೂಡಿ 51,000, ದಿನಕ್ಕೆ 1,700 ರೂಪಾಯಿ. ಒಂದು ಬನ್ನು ಮಾರದಿದ್ದರೂ, ಬಾಗಿಲೇ ತೆಗೆಯದಿದ್ದರೂ ಇದು ತಪ್ಪುವುದಿಲ್ಲ. ಇದು ಸ್ಥಿರ ವೆಚ್ಚ.

ಮೈದಾ, ಸಕ್ಕರೆ, ಡಾಲ್ಡಾ, ಈಸ್ಟ್, ಮೊಟ್ಟೆ, ಕವರು ಇವೆಲ್ಲ ಮಾಲಿನ ಸಂಖ್ಯೆಯ ಜೊತೆ ಏರಿಳಿಯುತ್ತವೆ. ಇವು ಚರ ವೆಚ್ಚ. ವರ್ಷದ ವಹಿವಾಟು 40 ಲಕ್ಷದ ಒಳಗಿದ್ದು ಜಿಎಸ್‌ಟಿ ನೋಂದಣಿ ಮಾಡಿಸದ ಅಂಗಡಿಗೆ, ಖರೀದಿಯಲ್ಲಿ ಕೊಟ್ಟ ತೆರಿಗೆ ವಾಪಸ್ ಬರುವುದಿಲ್ಲ. ಹಾಗಾಗಿ ಡಾಲ್ಡಾ ಟಿನ್ನಿನ ಬೆಲೆಯನ್ನು ತೆರಿಗೆ ಸಮೇತ ಹಿಡಿಯಬೇಕು.

ಇನ್ನು ಭಟ್ಟಿಯ ಕಟ್ಟಿಗೆ. ಇದನ್ನು ಸಾಮಾನ್ಯವಾಗಿ ಬನ್ನಿನ ಲೆಕ್ಕಕ್ಕೆ ಹಂಚಿಬಿಡುತ್ತಾರೆ, ಒಂದಕ್ಕೆ ಇಷ್ಟು ಪೈಸೆ ಎಂದು. ಆದರೆ ಬೆಳಗಿನ ಜಾವ ಭಟ್ಟಿಯ ಇಟ್ಟಿಗೆ ಕಾಯಲು ಹೋಗುವ ಕಟ್ಟಿಗೆ, ಒಳಗೆ 100 ಬನ್ನು ಇಟ್ಟರೂ ಅಷ್ಟೇ, 300 ಇಟ್ಟರೂ ಹೆಚ್ಚುಕಡಿಮೆ ಅಷ್ಟೇ. ಬನ್ನಿನ ಮಟ್ಟಿಗೆ ಅದು ಸ್ಥಿರ. ತಿಂಗಳ ಮಟ್ಟಿಗೆ ನೋಡಿದರೆ ಸ್ಥಿರವಲ್ಲ, ಭಟ್ಟಿ ಹೊತ್ತಿಸದ ದಿನ ಅದು ಉಳಿಯುತ್ತದೆ. ಅದನ್ನು ದಿನಕ್ಕೆ 200 ರೂಪಾಯಿ ಎಂದು ಬೇರೆಯೇ ಬರೆದಿಡೋಣ, ಮುಂದೆ ಬೇಕಾಗುತ್ತದೆ. ಈಗ ಭಟ್ಟಿ ಹೊತ್ತಿದ ದಿನದ ಹೊರೆ 1,900.

ಬನ್ನಿಗೆ ಬರೋಣ. ಒಂದು ಕಿಲೋ ಮೈದಾ 40 ರೂಪಾಯಿ, 150 ಗ್ರಾಂ ಸಕ್ಕರೆ 7, 80 ಗ್ರಾಂ ಡಾಲ್ಡಾ 12, ಈಸ್ಟ್ 6, ಉಪ್ಪು 1. ಒಟ್ಟು 66. ನೀರು ಸೇರಿ ಸುಮಾರು 1,770 ಗ್ರಾಂ ಹಿಟ್ಟು ಆಗುತ್ತದೆ. 50 ಗ್ರಾಂನ ಉಂಡೆ ಮಾಡಿದರೆ 35 ಬನ್ನು. ಒಂದಕ್ಕೆ 1 ರೂಪಾಯಿ 89 ಪೈಸೆ, ಕಾಗದ-ಕವರು ಸೇರಿಸಿ 2 ರೂಪಾಯಿ ಅನ್ನೋಣ. 5 ರೂಪಾಯಿಗೆ ಮಾರಿದರೆ 3 ರೂಪಾಯಿ ಮಿಕ್ಕುತ್ತದೆ. ಈ 3 ರೂಪಾಯಿ ಲಾಭವಲ್ಲ. ಬಾಡಿಗೆ, ಪಗಾರ, ಸವಕಳಿ ತೀರಿಸಲು ಆ ಬನ್ನು ಹಾಕುವ ಪಾಲು; ಲೆಕ್ಕದಲ್ಲಿ ಇದಕ್ಕೆ ಕೊಡುಗೆ ಅನ್ನುತ್ತೇವೆ. 1,900ನ್ನು 3ರಿಂದ ಭಾಗಿಸಿ: ಬರೀ ಬನ್ನೇ ಮಾರುವ ಅಂಗಡಿ ದಿನಕ್ಕೆ 634 ಮಾರಬೇಕು. ಲಾಭ ಶುರುವಾಗುವುದು ಅಲ್ಲಿಂದ ಆಚೆಗೆ.

ಈ 3 ರೂಪಾಯಿ ಎಲ್ಲಿ ಸೋರುತ್ತದೆ ಎಂದು ನೋಡಬೇಕಾದರೆ ಮಾಸ್ಟರ್‌ನ ಪಕ್ಕದಲ್ಲಿ ನಿಲ್ಲಬೇಕು. ಅವನು ಹಿಟ್ಟನ್ನು ಹೊಸೆದು ಉದ್ದ ಮಾಡಿ, ಕಣ್ಣಳತೆಯಲ್ಲಿ ಚಕಚಕ ಕತ್ತರಿಸುತ್ತಾನೆ. ಕೈ ಪಳಗಿದ್ದರೂ ದಣಿದ ಹೊತ್ತಿಗೆ ತುಂಡು ದಪ್ಪವಾಗುತ್ತದೆ. 50 ಗ್ರಾಂ ಬದಲು 54 ಆದರೆ ಕಿಲೋಗೆ 35ರ ಜಾಗದಲ್ಲಿ 32-33 ಬನ್ನು ಬರುತ್ತವೆ. ಒಂದಕ್ಕೆ ಸುಮಾರು 12 ಪೈಸೆ ಹೋಯಿತು. ದಿನಕ್ಕೆ 300 ಬನ್ನಾದರೆ 36 ರೂಪಾಯಿ, ತಿಂಗಳಿಗೆ ಸಾವಿರದ ಮೇಲೆ. ಗಿರಾಕಿಗೆ ಈ 4 ಗ್ರಾಂ ಗೊತ್ತೂ ಆಗುವುದಿಲ್ಲ. ಕಂಡುಹಿಡಿಯುವುದು ಸುಲಭ: ಕತ್ತರಿಸಿದ ಉಂಡೆಗಳಲ್ಲಿ ಕಣ್ಣು ಮುಚ್ಚಿ 10 ಎತ್ತಿ ತಕ್ಕಡಿಗಿಡಿ, 500 ಗ್ರಾಂ ತೋರಿಸಬೇಕು. ಮಾಸ್ಟರ್ ಮುಖ ಗಂಟು ಹಾಕಿಕೊಂಡರೂ ಪರವಾಗಿಲ್ಲ, ಆದರೆ ದಿನಕ್ಕೊಮ್ಮೆ ಸಾಕು. ಪ್ರತಿ ಹದಕ್ಕೂ ತೂಗಿದರೆ ಅವನು ಬೇರೆ ಊರು ನೋಡಿಕೊಳ್ಳುತ್ತಾನೆ.

ಬರೀ ಬನ್ನು ಮಾರುವ ಬೇಕರಿ ಎಲ್ಲಿದೆ ಹೇಳಿ? ನಮ್ಮ ಅಂಗಡಿಯಲ್ಲಿ ಎಗ್ ಪಫ್ 20 ರೂಪಾಯಿ, ಅದರ ಚರ ವೆಚ್ಚ 10, ಕೊಡುಗೆ 10. ಆರ್ಡರ್ ಮೇಲೆ ಮಾಡುವ ಅರ್ಧ ಕಿಲೋ ಕೇಕು 250, ವೆಚ್ಚ 130, ಕೊಡುಗೆ 120. ಸಾಧಾರಣ ದಿನ 300 ಬನ್ನು, 70 ಪಫ್, 2 ಕೇಕು ಹೋಗುತ್ತವೆ ಅಂದುಕೊಳ್ಳಿ. ಕೊಡುಗೆ 900, 700, 240, ಕೂಡಿದರೆ 1,840. ಗಲ್ಲಾಕ್ಕೆ ಬಿದ್ದದ್ದು 3,400 ರೂಪಾಯಿ. ಅಂದರೆ ಗಲ್ಲಾಕ್ಕೆ ಬಿದ್ದ ಪ್ರತಿ ರೂಪಾಯಿಯಲ್ಲಿ ಸುಮಾರು 54 ಪೈಸೆ ಕೊಡುಗೆ. 1,900ನ್ನು ಆ 54 ಪೈಸೆಯಿಂದ ಭಾಗಿಸಿದರೆ ದಿನಕ್ಕೆ ಹೆಚ್ಚುಕಡಿಮೆ 3,510 ರೂಪಾಯಿ ವ್ಯಾಪಾರ ಆಗಬೇಕು. ನಮ್ಮವನು ಕೊಡುಗೆಯಲ್ಲಿ ಗಡಿಗಿಂತ 60 ರೂಪಾಯಿ ಕೆಳಗಿದ್ದಾನೆ. ಇನ್ನು 6 ಪಫ್ ಹೋದರೆ ಗಡಿ ಮುಟ್ಟುತ್ತಾನೆ.

ಆದರೆ ಈ 3,510 ಎನ್ನುವುದು ಅದೇ ಮಿಶ್ರಣಕ್ಕೆ ಮಾತ್ರ ನಿಜ. ಪಫ್ ಕಡಿಮೆಯಾಗಿ ಕೂಲ್‌ಡ್ರಿಂಕ್ಸ್, ಚಿಪ್ಸ್ ಪಾಕೀಟುಗಳು ಹೆಚ್ಚಾದರೆ ಗಲ್ಲಾದಲ್ಲಿ ಅದೇ 3,500 ಕಾಣುತ್ತದೆ, ಕೊಡುಗೆ ಮಾತ್ರ ಇಳಿದಿರುತ್ತದೆ. ಕಂಪನಿ ಮಾಲಿನಲ್ಲಿ ಅಂಗಡಿಯವನಿಗೆ ಸಿಗುವ ಪಾಲು ಅಷ್ಟು ತೆಳ್ಳಗೆ. ಬೇಸಿಗೆಯಲ್ಲಿ ರಾಯಚೂರಿನ ಬಿಸಿಲಿಗೆ ಆಗುವುದು ಇದೇ. ಗಲ್ಲಾ ನೋಡಿ ಮೋಸ ಹೋಗುವುದು ಇಲ್ಲೇ.

ಉಳಿದ ಮಾಲಿನ ಮಾತು ಇನ್ನೂ ಕಠಿಣ. 70 ಪಫ್ ಬೇಯಿಸಿ 60 ಮಾರಿದ ಅಂಗಡಿಯವನು "ಅರವತ್ತಕ್ಕೆ ಹತ್ತರಂತೆ 600 ಉಳೀತು" ಅನ್ನುತ್ತಾನೆ. 60 ಪಫ್‌ಗೆ ಬಂದದ್ದು 1,200. 70ಕ್ಕೆ ಖರ್ಚಾದದ್ದು 700. ಉಳಿದದ್ದು 500. ಪಫ್‌ನಲ್ಲಿ ವೆಚ್ಚವೂ ಕೊಡುಗೆಯೂ ಸಮ ಇರುವುದರಿಂದ, ಕಪಾಟಿನಲ್ಲಿ ಉಳಿದ ಒಂದೊಂದು ಪಫ್ ಕೂಡ ಮಾರಿದ ಒಂದು ಪಫ್‌ನ ಕೊಡುಗೆಯನ್ನು ನುಂಗುತ್ತದೆ. ಹಾಗಾದರೆ ಎಷ್ಟು ಬೇಯಿಸಬೇಕು? ಕೊನೆಯ ಟ್ರೇಯ ಪಫ್ ಹೋಗುವ ಸಂಭವ ಅರ್ಧಕ್ಕಿಂತ ಹೆಚ್ಚಿದ್ದರೆ ಭಟ್ಟಿಗೆ ಇಡಿ, ಇಲ್ಲದಿದ್ದರೆ ಬೇಡ. ಬನ್ನಿಗೆ 2 ರೂಪಾಯಿ ಹಾಕಿ 5 ತರುವುದರಿಂದ ನೂರಕ್ಕೆ 40ರಷ್ಟು ಸಂಭವವಿದ್ದರೂ ಸಾಕು. ಮೇಲಾಗಿ ಹಳೆಯ ಬನ್ನನ್ನು ಹೆಚ್ಚಿ ಮತ್ತೆ ಒಣಗಿಸಿದರೆ ಟೋಸ್ಟ್ ಆಗುತ್ತದೆ. ಮೊಟ್ಟೆ ಹಾಕಿದ ಪಫ್‌ಗೆ, ಅದೂ ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ, ಮರುದಿನ ಎಂಬುದಿಲ್ಲ.

ಎದುರಿಗಿನ ಚಹಾ ಹೋಟೆಲಿನವನು ಬಂದು "ದಿನಾ ನೂರು ಬನ್ ತಗೊಂತೀನ್ರಿ, ನಾಕು ರೂಪಾಯಿಗೆ ಹಾಕ್ರಿ" ಅಂದರೆ? ಎಲ್ಲ ಖರ್ಚನ್ನೂ ಬನ್ನಿಗೆ ಹಂಚಿ ನೋಡಿದವನು ನಷ್ಟ ಎಂದು ಒಲ್ಲೆ ಅನ್ನುತ್ತಾನೆ. ಆದರೆ ಭಟ್ಟಿ ಹೇಗೂ ಕಾದಿದೆ, ಪಗಾರ ಹೇಗೂ ಕೊಡಬೇಕು. ಒಂದಕ್ಕೆ 2 ರೂಪಾಯಿಯಂತೆ 200 ಹೆಚ್ಚು ಬರುತ್ತದೆ, 60 ರೂಪಾಯಿ ಕೊರತೆ ಮುಚ್ಚಿ 140 ಮಿಕ್ಕುತ್ತದೆ. ಒಪ್ಪುವ ಮುಂಚೆ ಮೂರು ಸಂಗತಿ ಕೇಳಿಕೊಳ್ಳಬೇಕು. ನಮ್ಮಲ್ಲೇ 5 ಕೊಟ್ಟು ಒಯ್ಯುತ್ತಿದ್ದವರು ಅಲ್ಲಿ ಹೋಗಿ ತಿಂದರೆ, ಅಂಥ ಪ್ರತಿ ಬನ್ನಿಗೆ 3 ರೂಪಾಯಿ ಕೈಬಿಟ್ಟು ಹೋಗುತ್ತದೆ. 66 ಬನ್ನಿನತನಕ ಆರ್ಡರ್ ಲಾಭ, 67 ಆದರೆ ನಷ್ಟ. ಉಳಿದದ್ದನ್ನು ವಾಪಸ್ ಕೊಡುವ ಕರಾರಿದ್ದರೆ ಲೆಕ್ಕ ಬೇರೆ. ಉದ್ರಿಯಾದರೆ ಕೊಡುಗೆ ಪುಸ್ತಕದಲ್ಲಿರುತ್ತದೆ, ಮೈದಾದ ಅಂಗಡಿಯವನು ಮಾತ್ರ ರೊಕ್ಕ ಕೇಳುತ್ತಾನೆ. ಇನ್ನು ಆರ್ಡರ್ ಬೆಳೆದು ಎರಡನೇ ಹೆಲ್ಪರ್ ಬೇಕಾದ ದಿನ ಸ್ಥಿರ ವೆಚ್ಚವೇ ಒಂದು ಮೆಟ್ಟಿಲು ಏರುತ್ತದೆ. 10,000 ಪಗಾರ ಅಂದರೆ ದಿನಕ್ಕೆ 333. ಅದನ್ನು ತೀರಿಸಲಿಕ್ಕೇ 4 ರೂಪಾಯಿಯ ಬನ್ನು ಇನ್ನೂ 167 ಹೋಗಬೇಕು.

ಹತ್ತಿ ಬಿಡಿಸುವಾಗ, ಭತ್ತದ ನಾಟಿಯಾಗುವಾಗ ಊರೆಲ್ಲ ಹೊಲದಲ್ಲಿರುತ್ತದೆ. ಅಂಥ ದಿನ 60 ಬನ್ನು, 10 ಪಫ್ ಹೋದವು ಅನ್ನಿ, ಕೊಡುಗೆ 280. 1,900ರ ಮುಂದೆ ಇದು ಏನೂ ಅಲ್ಲ, ಬಾಗಿಲು ಹಾಕುವುದೇ ಮೇಲು ಅನ್ನಿಸುತ್ತದೆ. ಆದರೆ ಬಾಗಿಲು ಹಾಕಿದರೆ ಉಳಿಯುವುದು ಕಟ್ಟಿಗೆಯ 200 ಮಾತ್ರ. ತೆರೆದದ್ದರಿಂದ 80 ರೂಪಾಯಿ ಮೇಲು. ಕಟ್ಟಿಗೆಯನ್ನು ಬೇರೆ ಬರೆದಿಟ್ಟದ್ದು ಇದಕ್ಕೆ. ಮಾಸ್ಟರ್ ದಿನಗೂಲಿಯವನಾಗಿದ್ದರೆ ಉತ್ತರ ತಿರುಗಾಮುರುಗಾ ಆಗುತ್ತದೆ.

ಈಗ ಮೊದಲಿನ ದೂರಿಗೆ ಬರೋಣ. 1,900ರಲ್ಲಿ ಮಾಲಕನ ದುಡಿಮೆ ದಿನಕ್ಕೆ 400, ಸವಕಳಿ 150. ಇವೆರಡನ್ನೂ ಯಾರೂ ಬಂದು ವಸೂಲಿ ಮಾಡುವುದಿಲ್ಲ. ಹಾಗಾಗಿ ಕೊಡುಗೆ 1,350 ದಾಟಿದರೆ ಸಾಕು, ಎಲ್ಲರ ಬಾಕಿ ತೀರಿ ಗಲ್ಲಾದಲ್ಲಿ ಏನೋ ಉಳಿದಂತೆ ಕಾಣುತ್ತದೆ. 1,350ರಿಂದ 1,900ರ ನಡುವಿನ ಅಂಗಡಿಗಳು ವರ್ಷಗಟ್ಟಲೆ ನಡೆಯುತ್ತವೆ. 10 ಪಫ್ ಉಳಿಸಿಕೊಂಡ ನಮ್ಮ ಅಂಗಡಿಯ ಕೊಡುಗೆ 1,640. ಮಾಲಕನಿಗೆ ದಿನಕ್ಕೆ 290 ಸಿಕ್ಕಿತು. ಅದರಲ್ಲಿ ಭಟ್ಟಿಗೆಂದು 150 ತೆಗೆದಿಟ್ಟರೆ ಕೈಗೆ 140. ತೆಗೆದಿಡದೆ ಪೂರ್ತಿ ಮನೆಗೆ ಒಯ್ದರೆ ಆರನೇ ವರ್ಷ ಯಂತ್ರ ನಿಂತಾಗ 3,24,000ಕ್ಕೆ ಮತ್ತೆ ಸಾಲ. ಸಾಲದ ಕಂತಿಗೂ ಸವಕಳಿಗೂ ತಾಳೆಯಾಗುವುದಿಲ್ಲ ಎಂಬುದನ್ನೂ ಗಮನಿಸಿ: 3 ವರ್ಷದಲ್ಲಿ ತೀರಿಸುವ ಸಾಲವಾದರೆ ಬರೀ ಅಸಲೇ ತಿಂಗಳಿಗೆ 9,000, ಆ ಅವಧಿಗೆ ಕೈಯ ರೊಕ್ಕದ ಗಡಿ ಬೇರೆಯೇ ಆಗಿರುತ್ತದೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಂತೆ ಯಂತ್ರದ ಬೆಲೆಗೆ ನೂರಕ್ಕೆ 35 ಸಹಾಯಧನ ಸಿಕ್ಕವರಿಗೆ ಸವಕಳಿಯ ಬಾಬ್ತು ಅಷ್ಟು ಹಗುರ, ಆದರೆ ಮುಂದಿನ ಯಂತ್ರಕ್ಕೆ ಪೂರ್ತಿ ಬೆಲೆ ಹಿಡಿದೇ ತೆಗೆದಿಡಬೇಕು. ಇಂಥ ಅಂಗಡಿ ನಡೆಸಬೇಕೋ ಬಿಡಬೇಕೋ ಎಂಬುದನ್ನು ಮಾಲಕನೇ ಹೇಳಬೇಕು. ಅವನು ಹೋಲಿಸಬೇಕಾದದ್ದು ಗಲ್ಲಾದ 3,200 ರೂಪಾಯಿಯನ್ನಲ್ಲ, ಈ 140ನ್ನು, ಬೇರೆ ಕಡೆ ಸಿಗುವ 400ರ ಜೊತೆ.