ಹೋಗಿ ಬರ್ತೀನಿ ಅಕ್ಕಂದಿರಾ

(ರೇಷ್ಮೆ ಬಿತ್ತನೆ ಕೋಠಿ ಅಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರು ಮಾಡುವ ಕೇಂದ್ರ. ಶಿಡ್ಲಘಟ್ಟ ಕಡೆಯ ಒಂದು ಕೋಠಿಯಲ್ಲಿ ಕೆಲಸ ಮಾಡಿದ ಹೆಣ್ಣುಮಗಳು ನಿವೃತ್ತಿಯ ದಿನ ಆಡಿದ ಮಾತು ಇದು.)



ಹಾರ ಹಾಕಿದಿರಿ. ಶಾಲು ಹೊದಿಸಿದಿರಿ. ಈಗ ಮಾತಾಡು ಅಂತೀರಿ. ನನಗೆ ಮೈಕು ಹಿಡಿದು ಅಭ್ಯಾಸ ಇಲ್ಲ. ಬ್ಲೇಡು ಹಿಡಿದು ಗೂಡು ಕತ್ತರಿಸಿ ಅಭ್ಯಾಸ. ಆದ್ದರಿಂದ ದೊಡ್ಡ ಮಾತು ಬರುವುದಿಲ್ಲ. ಯಾರು ಯಾರಿಂದ ಏನು ಕಲಿತೆ, ಯಾರ ಋಣ ನನ್ನ ಮೇಲೆ ಇದೆ, ಅಷ್ಟು ಹೇಳಿ ಕೂತುಕೊಳ್ತೀನಿ.

ನಾನು ಇಲ್ಲಿ ದಿನಗೂಲಿಗೆ ಸೇರಿದಾಗ ನಮ್ಮದು ಕೋಲಾರ ಜಿಲ್ಲೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ನಮ್ಮ ಮನೆಯಲ್ಲಿ ಹುಳು ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ಗೊತ್ತಿತ್ತು. ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತೆ, ಜ್ವರದಲ್ಲಿ ಅದು ಸೊಪ್ಪು ತಿನ್ನಲ್ಲ, ಇದೂ ಗೊತ್ತಿತ್ತು. ಆದರೆ ಮೊಟ್ಟೆ ಎಲ್ಲಿಂದ ಬರುತ್ತೆ? ಹಾಳೆಯ ಮೇಲೆ ಅಂಟಿಸಿದ ಹಾಗೆ ಇರುತ್ತಲ್ಲ, ಅದನ್ನು ಯಾರು ಮಾಡ್ತಾರೆ? ನನಗೆ ಗೊತ್ತಿರಲಿಲ್ಲ.

ಅದನ್ನು ತೋರಿಸಿದವರು ನಮ್ಮ ದೊಡ್ಡಕ್ಕ. ಅವರು ಈಗ ಇಲ್ಲ. ಇದ್ದಿದ್ದರೆ ಮುಂದಿನ ಸಾಲಿನಲ್ಲಿ ಕೂತು, "ಬೇಗ ಮುಗಿಸೇ, ಟೀ ಆರುತ್ತೆ" ಅನ್ನುತ್ತಿದ್ದರು.

ದೊಡ್ಡಕ್ಕ ಮೊದಲ ದಿನ ನನ್ನ ಕೈಗೆ ಎರಡು ಪ್ಯೂಪ ಕೊಟ್ಟರು. ಗೂಡಿನ ಒಳಗೆ ಹುಳ ಕಂದು ಬಣ್ಣದ ಕಾಯಿಯ ಹಾಗೆ ಆಗಿರುತ್ತದಲ್ಲ, ಅದೇ ಪ್ಯೂಪ. "ಇದರಲ್ಲಿ ಹೆಣ್ಣು ಯಾವುದು, ಗಂಡು ಯಾವುದು ಹೇಳು" ಅಂದರು. ನನಗೆ ಎರಡೂ ಒಂದೇ ಥರ ಕಂಡವು. ಆಗ ಅವರು ಬಾಲದ ಕಡೆ ತಿರುಗಿಸಿ ತೋರಿಸಿದರು. ಹೆಣ್ಣಿಗೆ ಅಲ್ಲಿ ಗುಣಾಕಾರದ ಗುರುತಿನ ಹಾಗೆ ಸಣ್ಣ ಗೆರೆ ಇರುತ್ತದೆ. ಗಂಡಿಗೆ ಒಂದು ಚುಕ್ಕೆ ಮಾತ್ರ. ಹೆಣ್ಣು ಸ್ವಲ್ಪ ದಪ್ಪ, ತೂಕವೂ ಜಾಸ್ತಿ. ಒಂದು ವಾರ ಅವರು ನನ್ನ ತಟ್ಟೆಯನ್ನು ದಿನಾ ಮತ್ತೆ ನೋಡಿದರು. ಒಂದು ದಿನವೂ ಬೈಯಲಿಲ್ಲ.

ಅಷ್ಟು ಹುಷಾರು ಯಾಕೆ? ಹೊಸದಾಗಿ ಬಂದ ತಂಗಿಯರಿಗಾಗಿ ಹೇಳ್ತೀನಿ. ನಮ್ಮ ರೈತರು ಹೆಚ್ಚಾಗಿ ಸಾಕುವುದು ಮಿಶ್ರತಳಿ. ಅದಕ್ಕೆ ತಾಯಿ ಮೈಸೂರು ತಳಿ. ಅದರ ಬಿತ್ತನೆ ಗೂಡು ಕುಣಿಗಲ್ಲು, ಮಾಗಡಿ ಕಡೆಯಿಂದ ಬರುತ್ತದೆ. ತಂದೆ ಬಿಳಿ ಗೂಡಿನ ತಳಿ. ಮೈಸೂರು ಹೆಣ್ಣುಗಳ ತಟ್ಟೆಯಲ್ಲಿ ಮೈಸೂರು ಗಂಡು ನಾಲ್ಕು ಉಳಿದರೂ ಸಾಕು. ಬೆಳಗ್ಗೆ ಚಿಟ್ಟೆ ಹೊರಗೆ ಬಂದ ಕೂಡಲೇ ಅವು ಜೋಡಿ ಆಗಿಬಿಡುತ್ತವೆ. ಮೊಟ್ಟೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಗೂಡು ಕಟ್ಟಿದ ಮೇಲೆ ರೈತ, "ಇದೇನು ಗೂಡು ಇಷ್ಟು ಸಣ್ಣ?" ಅಂತ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ಅವನು ನಮ್ಮ ಮುಖ ನೋಡಿರುವುದಿಲ್ಲ. ನಾವೂ ಅವನ ಮುಖ ನೋಡಿರುವುದಿಲ್ಲ.

ಚಿಟ್ಟೆ ಬೆಳಕು ಹರಿಯುವ ಹೊತ್ತಿಗೆ ಗೂಡಿನ ಹೊರಗೆ ಬರುತ್ತೆ. ಅದು ನಮ್ಮ ಆಫೀಸು ಟೈಮು ನೋಡಲ್ಲ. ಅಂಥ ದಿನ ಕತ್ತಲಲ್ಲೇ ನಮಗೆ ಗೇಟು ತೆಗೆದವರು ಕಾವಲು ಅಣ್ಣ. ಮಳೆಗಾಲದಲ್ಲಿ ನಮ್ಮ ಹಳ್ಳಿ ದಾರಿ ಕೆಸರು. ಟಾರ್ಚು ಹಿಡಿದು ಬಸ್ಸು ನಿಲ್ಲುವ ಕಡೆಗೆ ಬರುತ್ತಿದ್ದರು. ಯಾರೂ ಅವರಿಗೆ ಹಾಗೆ ಮಾಡು ಅಂತ ಹೇಳಿರಲಿಲ್ಲ. ಅಣ್ಣ, ಆ ಬೆಳಕಿನ ಋಣ ನಾನು ತೀರಿಸಲಾರೆ.

ಇನ್ನೊಂದು ಋಣ ನನ್ನ ಉಸಿರಿನದು. ಚಿಟ್ಟೆ ರೆಕ್ಕೆ ಬಡಿದರೆ ಬಿಳೀ ಪುಡಿ ಏಳುತ್ತದೆ. ಕೆಲವರಿಗೆ ಅದರಿಂದ ಕೆಮ್ಮು, ದಮ್ಮು ಬರುತ್ತದೆ. ನನಗೂ ರಾತ್ರಿ ಎದೆ ಸೀಟಿ ಹೊಡೆದ ಹಾಗೆ ಆಗುತ್ತಿತ್ತು. ಶೀತ ಅಂದುಕೊಂಡು ಕಷಾಯ ಕುಡೀತಿದ್ದೆ. ಪಕ್ಕದ ಮೇಜಿನ ತಂಗಿ ಗಮನಿಸಿದಳು. "ಅಕ್ಕ, ರಜಾ ದಿನ ನಿಮಗೆ ಕೆಮ್ಮು ಇರಲ್ಲ. ಇದು ಶೀತ ಅಲ್ಲ" ಅಂದಳು. ಅವಳೇ ಡಾಕ್ಟರ ಹತ್ತಿರ ಕರಕೊಂಡು ಹೋದಳು. ಆಮೇಲೆ ಚಿಟ್ಟೆ ಕೋಣೆಗೆ ಹೋಗುವಾಗೆಲ್ಲ ಮೂಗು ಬಾಯಿಗೆ ಬಟ್ಟೆ ಕಟ್ಟುವುದು ನನಗೆ ರೂಢಿ ಆಯಿತು. ಕೆಮ್ಮು ಜಾಸ್ತಿ ಇದ್ದ ದಿನ ನನ್ನ ಚಿಟ್ಟೆ ಕೆಲಸ ತಾನು ಮಾಡಿ, ತನ್ನ ಗೂಡು ಕತ್ತರಿಸುವ ಕೆಲಸ ನನಗೆ ಕೊಡುತ್ತಿದ್ದಳು. ಇಲ್ಲೇ ಕೂತಿದ್ದಾಳೆ. ಹೆಸರು ಹೇಳಿದರೆ ಎದ್ದು ಓಡ್ತಾಳೆ, ಅದಕ್ಕೆ ಹೇಳಲ್ಲ.

ಈಗ ಒಂದು ದಿನದ ಸಂಗತಿ ಹೇಳಬೇಕು. ನಿಮ್ಮಲ್ಲಿ ಅರ್ಧ ಜನ ಆಗ ಇರಲಿಲ್ಲ.

ತಾಯಿ ಚಿಟ್ಟೆ ಮೊಟ್ಟೆ ಇಟ್ಟ ಮೇಲೆ ನಾವು ಅದನ್ನು ಬಿಸಾಡುವುದಿಲ್ಲ. ಒರಳಿನಲ್ಲಿ ಮದ್ದಿನ ನೀರು ಹಾಕಿ ಅರೆಯುತ್ತೇವೆ. ಅದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗಂಟು ರೋಗ ಇದೆಯೋ ಇಲ್ಲವೋ ತಿಳಿಯಲು ಇದೇ ದಾರಿ. ಈ ರೋಗ ತಾಯಿಯಿಂದ ಮೊಟ್ಟೆಗೆ ಹೋಗುತ್ತದೆ. ಬಂದ ಮೇಲೆ ಔಷಧಿ ಇಲ್ಲ. ಈ ಪರೀಕ್ಷೆಯನ್ನು ಸುಮಾರು 150 ವರ್ಷದ ಹಿಂದೆ ಫ್ರಾನ್ಸ್ ದೇಶದಲ್ಲಿ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ರೂಢಿಗೆ ತಂದರು. ಆಗ ಅವರ ಹೆಂಡತಿ, ಮಗಳೂ ಹುಳು ಸಾಕಲು ಕೈಜೋಡಿಸಿದ್ದರಂತೆ. ಇದನ್ನು ನಮಗೆ ಹೇಳಿದವರು ಪರೀಕ್ಷೆ ಮೇಜಿನ ಮೇಡಮ್ಮು. ಅಲ್ಲೂ ಹೆಂಗಸರಿದ್ದರು ಅಂತ ಕೇಳಿ ನಮಗೆ ಖುಷಿ ಆಗಿತ್ತು.

ಆ ದಿನ ಮೇಡಮ್ಮು ನೋಡ್ತಾ ನೋಡ್ತಾ ಸುಮ್ಮನಾಗಿಬಿಟ್ಟರು. ಒಂದು ಲಾಟಿನ ಹನಿಯಲ್ಲಿ ಹೊಳೆಯುವ ಕಣ ಕಂಡಿತ್ತು. ಎಣ್ಣೆ ಹನಿ ಇದ್ದರೂ ಹೊಳೆಯುತ್ತದೆ. ಆದರೆ ಎಣ್ಣೆ ಹನಿ ದುಂಡಗೆ, ಒಂದು ದೊಡ್ಡದು, ಒಂದು ಸಣ್ಣದು. ಗಂಟು ರೋಗದ ಕಣ ಕೋಳಿಮೊಟ್ಟೆಯ ಹಾಗೆ ಉದ್ದ ದುಂಡು, ಹೆಚ್ಚುಕಡಿಮೆ ಎಲ್ಲವೂ ಒಂದೇ ಅಳತೆ. ಅವರು ನಮ್ಮನ್ನೂ ಕರೆದು ತೋರಿಸಿದರು. ಅದೇ ಲಾಟಿನ ಬೇರೆ ಚಿಟ್ಟೆ ಅರೆದು ಕೊಡಿ ಅಂದರು. ಅರೆದು ಕೊಟ್ಟೆವು. ಅದರಲ್ಲೂ ಕಂಡಿತು.

ಹೊರಗೆ ರೈತರು ಕಾಯುತ್ತಿದ್ದರು. ಚಿಂತಾಮಣಿ ಕಡೆಯವರು ಇದ್ದರು. ಗೌರಿಬಿದನೂರಿನಿಂದ ರಾತ್ರಿಯೇ ಹೊರಟು ಬಂದವರೂ ಇದ್ದರು. ತೋಟದಲ್ಲಿ ಸೊಪ್ಪು ಬಲಿತು ನಿಂತಿತ್ತು. ಈ ವಾರ ಮೊಟ್ಟೆ ಸಿಗದಿದ್ದರೆ ಸೊಪ್ಪು ಹಾಳು. ಕೂಗಾಟ ಶುರುವಾಯಿತು. "ಎಲ್ಲೋ ಒಂದೆರಡು ಚಿಟ್ಟೆಗೆ ಇರಬಹುದು, ಉಳಿದದ್ದು ಕೊಡಿ" ಅಂತ ಕೇಳಿದರು. ಅವರ ಮಾತು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು. ನಮ್ಮ ಮನೆಯವರೇ ಬಂದು ಕೇಳಿದ ಹಾಗಿತ್ತು.

ಆದರೆ ಲೆಕ್ಕ ನೋಡಿ. ಒಂದು ಚಿಟ್ಟೆ ಸುಮಾರು 400 ಮೊಟ್ಟೆ ಇಡುತ್ತದೆ. ನಾವು 100 ಮೊಟ್ಟೆ ಅನ್ನುವುದು 100 ಚಿಟ್ಟೆ ಇಟ್ಟದ್ದಕ್ಕೆ. ಅಂದರೆ ಒಬ್ಬ ರೈತನ ಮನೆಗೆ 40,000 ಹುಳ. ಅದರಲ್ಲಿ ಒಂದೇ ಚಿಟ್ಟೆಯ ಮರಿಗಳಿಗೆ ರೋಗ ಇದ್ದರೂ, ಅವುಗಳ ಹಿಕ್ಕೆ ಸೊಪ್ಪಿಗೆ ತಾಗುತ್ತದೆ. ಆ ಸೊಪ್ಪು ತಿಂದ ಹುಳಕ್ಕೂ ಬರುತ್ತದೆ. ಮೊದಲು ಗೊತ್ತಾಗಲ್ಲ. ಎರಡನೇ ಜ್ವರ, ಮೂರನೇ ಜ್ವರದ ಹೊತ್ತಿಗೆ ಒಂದು ಹುಳ ದೊಡ್ಡದು, ಒಂದು ಸಣ್ಣದು. ಕೆಲವು ಜ್ವರದಿಂದ ಏಳುವುದೇ ಇಲ್ಲ. ಮೈ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಆ ಹೊತ್ತಿಗೆ ಮನೆಯ ಹೆಂಗಸು ಎರಡು ವಾರ ನಿದ್ದೆಗೆಟ್ಟು ಸೊಪ್ಪು ಹಾಕಿರುತ್ತಾಳೆ. ಗೂಡು ಮಾರಿ ತೀರಿಸ್ತೀನಿ ಅಂತ ಸಾಲವನ್ನೂ ತಂದಿರುತ್ತಾಳೆ.

ಸಾಹೇಬರು ಆಗ ಹೊಸಬರು. ಮೇಲಿಂದ ಫೋನು, ಹೊರಗೆ ಕೂಗಾಟ. ಅವರು ಮೇಡಮ್ಮನ ಹತ್ತಿರ ಒಂದೇ ಮಾತು ಕೇಳಿದರು. "ಖಾತ್ರಿಯಾ?" "ಖಾತ್ರಿ ಸಾರ್" ಅಂದರು ಮೇಡಮ್ಮು. "ಹಾಗಾದರೆ ಸುಡಿ" ಅಂದರು. ಆ ಲಾಟಿನ ಮೊಟ್ಟೆ, ಚಿಟ್ಟೆ ಎಲ್ಲ ಹಿತ್ತಲಲ್ಲಿ ಸುಟ್ಟೆವು. ತಟ್ಟೆ, ಒರಳು, ನೆಲ ಎಲ್ಲವನ್ನೂ ಬ್ಲೀಚಿಂಗ್ ಪುಡಿ ನೀರಿನಲ್ಲಿ ತೊಳೆದೆವು. ಬಿತ್ತನೆ ಗೂಡು ಬಂದ ಊರಿಗೂ ಸುದ್ದಿ ಕಳಿಸಿದರು.

ಅವತ್ತು ಕೆಲಸಕ್ಕೆ ಬಂದದ್ದು ಇನ್ನೊಬ್ಬರ ಉಪಕಾರ. ಯಾವ ಹಾಳೆ ಯಾವ ಲಾಟಿನದು ಅಂತ ಚೀಟಿಯಲ್ಲಿ ನಂಬರು ಇರುತ್ತದಲ್ಲ? ಸೇರಿದಾಗ ನನಗೆ 6ಕ್ಕೂ 9ಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ಊಟದ ಹೊತ್ತಿನಲ್ಲಿ ಗುಮಾಸ್ತ ಅಣ್ಣ ಹಳೇ ಚೀಟಿಗಳ ಬೆನ್ನ ಮೇಲೆ ನನ್ನ ಕೈಯಲ್ಲಿ ಬರೆಸಿದರು. ತಮ್ಮ ಊಟ ಆರಿಹೋದರೂ ಬಿಡುತ್ತಿರಲಿಲ್ಲ. ಸುಡುವ ಹಾಳೆ ಯಾವುದು, ಉಳಿಸುವ ಹಾಳೆ ಯಾವುದು ಅಂತ ಅವತ್ತು ನಾವು ಹೆಂಗಸರೇ ಓದಿ ಬೇರೆ ಮಾಡಿದೆವು. ಚೆನ್ನಾಗಿದ್ದ ಲಾಟುಗಳ ಮೊಟ್ಟೆ ಅದೇ ದಿನ ರೈತರಿಗೆ ಹೋಯಿತು. ಎಲ್ಲರಿಗೂ ಸಾಕಾಗಲಿಲ್ಲ. ಕೆಲವರು ಬರಿಗೈಯಲ್ಲಿ ಹೋದರು. ಅವರ ಮುಖ ನನಗೆ ಇನ್ನೂ ಮರೆತಿಲ್ಲ. ಆದರೂ ಅವರು ಮುಂದಿನ ಬೆಳೆಗೆ ನಮ್ಮ ಕೋಠಿಗೇ ಬಂದರಲ್ಲ, ಅವರಿಗೂ ನನ್ನ ಕೈಮುಗಿತ.

ಸಾಹೇಬರೇ, ಮೇಡಮ್ಮೋರೇ, ಗುಮಾಸ್ತ ಅಣ್ಣ, ಅವತ್ತು ನಿಮ್ಮ ಜೊತೆ ನಿಲ್ಲುವ ಭಾಗ್ಯ ನನಗೆ ಸಿಕ್ಕಿತು. ಅರೆದು ಕೊಡುವುದಷ್ಟೇ ನನ್ನ ಕೆಲಸ. ನೋಡಿ ಹೇಳಿದವರು ನೀವು.

ನನ್ನ ಒರಳು ಕಿಟಕಿ ಪಕ್ಕದ ಬೀರುವಿನಲ್ಲಿದೆ. ತೊಳೆದು ಇಟ್ಟಿದ್ದೀನಿ. ಬ್ಲೇಡಿನ ಡಬ್ಬಿ ಕೆಳಗಿನ ಖಾನೆಯಲ್ಲಿದೆ. ನನ್ನ ಮೇಜಿಗೆ ಬರುವ ಹುಡುಗಿಗೆ ಮೊದಲ ವಾರ ಯಾರೂ ಬೈಯಬೇಡಿ. ಅವಳ ತಟ್ಟೆಯನ್ನು ಒಂದು ಸಲ ನೀವೂ ನೋಡಿ, ದೊಡ್ಡಕ್ಕ ನನ್ನದು ನೋಡಿದ ಹಾಗೆ.

ಕೊನೆಗೆ ಮನೆ ಸುದ್ದಿ. ನಿನ್ನೆ ರಾತ್ರಿ ನಮ್ಮೆಜಮಾನರಿಗೆ ಯೋಚನೆ ಹತ್ತಿಕೊಂಡಿತು. "ನಾಳೆಯಿಂದ ನೀನು ಮನೆಯಲ್ಲೇ ಇರ್ತೀಯ. ಇಷ್ಟು ವರ್ಷ ಚಿಟ್ಟೆಯ ರೋಗ ಹುಡುಕಿದವಳು. ಇನ್ನು ಮೇಲೆ ನನ್ನಲ್ಲಿ ಏನೇನು ದೋಷ ಇದೆ ಅಂತ ಹುಡುಕಿಬಿಡ್ತೀಯೇನೋ?" ಅಂದರು.

ನಾನು ಹೇಳಿದೆ, "ಹಾಗೆಲ್ಲ ಸುಮ್ಮಸುಮ್ಮನೆ ಹುಡುಕೋಕೆ ಆಗಲ್ಲ ರೀ. ನಮ್ಮ ಕೋಠಿಯಲ್ಲಿ ಒಂದು ಕ್ರಮ ಇದೆ. ಮೊದಲು ಒರಳಿಗೆ ಹಾಕಿ ಅರೆಯಬೇಕು."

ಇವತ್ತು ಬೆಳಗ್ಗೆ ನಾನು ಏಳುವ ಮೊದಲೇ ಅವರೇ ಕಾಫಿ ಮಾಡಿ ಇಟ್ಟಿದ್ದರು.